ಬಟ್ಟು ಮಾಡದ ಮನೆಯ ಮಗು

ಸುರಪುರದ ಕೋರ್ಟಿನ ಎದುರಿಗೆ ಬೇವಿನ ಮರದ ಕೆಳಗೆ ಕುಳಿತು, ಅಕ್ಷರ ಬಾರದವರ ಅರ್ಜಿಗಳನ್ನು ಬರೆದುಕೊಡುತ್ತ ಬಾಳಿನ ಬಹುಭಾಗವನ್ನು ಕಳೆದವನು ಅಂಬಣ್ಣ. ಪೆನ್ನಿನ ಮುಚ್ಚಳ ತೆಗೆಯುವ ಮುನ್ನ ಅರ್ಜಿದಾರನ ಮಾತನ್ನೆಲ್ಲ ಕಣ್ಣು ಮುಚ್ಚಿ ಕೇಳುವುದು ಅವನ ಪದ್ಧತಿಯಾಗಿತ್ತು. "ಕಾಗದ ನಾವಿಲ್ಲದ ಜಾಗಕ್ಕ ಹೋಗ್ತೈತವಾ. ಅಲ್ಲಿ ಅದು ತಪ್ಪು ಮಾತಾಡಿದ್ರ ಬಾಯಿ ಮುಚ್ಚಸಾಕ ನಾವಿರಂಗಿಲ್ಲ" ಎಂದು ಅವನು ಒಬ್ಬಳೇ ಮಗಳಾದ ದಾನೇಶ್ವರಿಗೆ ಹೇಳುತ್ತಿದ್ದನು. ಮಗಳು ಕಲಬುರಗಿಯಲ್ಲಿಯೂ ಧಾರವಾಡದಲ್ಲಿಯೂ ಮನಃಶಾಸ್ತ್ರವನ್ನು ಓದಿ, ಯಾದಗಿರಿಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಪರೀಕ್ಷಿಸುವ ಒಂದು ಕೇಂದ್ರಕ್ಕೆ ಸೇರಿದಳು. ತಂದೆಯ ಆ ಮಾತು ಆಕೆಗೆ ಬುದ್ಧಿವಾದವಾಗಿ ಉಳಿಯದೆ ಭಯವಾಗಿಯೇ ಉಳಿಯಿತು. ಬರೆದ ವರದಿಯನ್ನು ಲಕೋಟೆಗೆ ಹಾಕಿ ಅಂಟಿಸಿದ ಬಳಿಕವೂ ಮತ್ತೆ ಬಿಚ್ಚಿ ಓದುವುದು ಆಕೆಯ ಸ್ವಭಾವವಾಯಿತು. ಬರೆಯುವ ಮೊದಲು ಕೊರಳಿನ ಇಷ್ಟಲಿಂಗವನ್ನು ಒಮ್ಮೆ ಮುಟ್ಟಿಕೊಳ್ಳುವಳು. ಬೇಡಿಕೊಳ್ಳುವುದು ಒಂದನ್ನೇ: ಕಂಡುದಕ್ಕಿಂತ ಹೆಚ್ಚೂ ಆಗದಿರಲಿ, ಕಡಿಮೆಯೂ ಆಗದಿರಲಿ.

ಆ ವರ್ಷದ ಮಳೆಗಾಲದಲ್ಲಿ ಆಕೆಯ ಮೇಜಿಗೆ ಬಂದುದು ಶಹಾಪುರದ ಅಂಚಿನ ಒಂದು ಸರ್ಕಾರಿ ಶಾಲೆಯ ಪತ್ರ. ಮುಖ್ಯಗುರು ವೆಂಕಟಪ್ಪನವರ ಕೈಬರಹದಲ್ಲಿ ಹೀಗಿತ್ತು: "ಒಂದನೇ ತರಗತಿಯ ತರನ್ನುಮ ಎಂಬ ಬಾಲಕಿ ಹೇಳಿದ್ದನ್ನು ಕೇಳುವುದಿಲ್ಲ. ಅಕ್ಷರ ಒಂದೂ ಗೊತ್ತಿಲ್ಲ. ಕಾರಣವಿಲ್ಲದೆ ಓಡಿಹೋಗುತ್ತಾಳೆ. ಮನೆಯಲ್ಲಿಯೇ ಪಾಠ ಹೇಳುವ ಏರ್ಪಾಟಿಗೆ ತಮ್ಮ ಶಿಫಾರಸು ಬೇಕು." ಮನೆಪಾಠವೆಂದರೆ ವಿಶೇಷ ಶಿಕ್ಷಕರೊಬ್ಬರು ಆಗೊಮ್ಮೆ ಈಗೊಮ್ಮೆ ಮನೆಗೆ ಬಂದುಹೋಗುವುದು. ಕದಲಲಾರದ ಮಕ್ಕಳಿಗೆ ಅದು ವರವೇ ಸರಿ. ನಡೆದಾಡುವ, ಅಣ್ಣನ ಕೈಹಿಡಿದು ಶಾಲೆಗೆ ಬರುವ ಮಗುವಿಗೆ ಅದು ಬಾಗಿಲು ಮುಚ್ಚಿದಂತೆ. ಮುಂದಿನ ವಾರವೇ ಶಾಲೆಯಲ್ಲಿ ಸಭೆಯಿತ್ತು. ಅಲ್ಲಿ ದಾನೇಶ್ವರಿಯ ವರದಿಯನ್ನು ಓದಿ, ಮಗು ತರಗತಿಯಲ್ಲಿ ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವವರಿದ್ದರು.

ತಾಯಿ ಮಮ್ತಾಜ, ಅಜ್ಜಿ ಜೈತುನಬೀ ಇಬ್ಬರೂ ಮಗುವನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಯಾದಗಿರಿಗೆ ಬಂದರು. ಕಿವಿಯ ಪರೀಕ್ಷೆ ಮೊದಲಾಯಿತು. ಕಿವಿ ಕೇಳದ ಮಗುವನ್ನು ಮಾತು ಕೇಳದ ಮಗುವೆಂದು ಬಗೆಯಬಾರದಷ್ಟೆ. ಕಿವಿ ಸರಿಯಾಗಿದ್ದಿತು. ಬಳಿಕ ದಾನೇಶ್ವರಿ ಬೆಳವಣಿಗೆಯ ಚರಿತ್ರೆಯನ್ನು ಬರೆದುಕೊಳ್ಳುವ ನಮೂನೆಯನ್ನು ಮುಂದಿಟ್ಟುಕೊಂಡಳು. ಗರ್ಭ ಮತ್ತು ಹೆರಿಗೆ, ಕುಳಿತದ್ದು, ನಡೆದದ್ದು, ಮೊದಲ ಮಾತು, ಕಲಿತ ಮಾತು ಕಳೆದುಹೋದದ್ದುಂಟೆ ಎಂಬುದು, ಜನರೊಡನೆ ಬೆರೆಯುವ ಬಗೆ, ಆಟ, ಹಟ, ಸದ್ದು ಬೆಳಕು ರುಚಿಗಳ ಸಹನೆ, ಹೀಗೆ ಅದು ಮಗುವಿನ ಬಾಳನ್ನು ಮೊದಲಿನಿಂದ ನಡೆಸಿಕೊಂಡು ಬರುತ್ತದೆ. ಅಂಚಿನಲ್ಲಿ ಆಕೆ ತಾನೇ ಒಂದು ಗೆರೆ ಎಳೆದು "ಯಾರು ಕಂಡದ್ದು" ಎಂಬ ಅಂಕಣವನ್ನು ಕೂಡಿಸಿದ್ದಳು.

"ಎಲ್ಲಾ ಬರೋಬರಿ ಐತ್ರಿ ಮೇಡಂ," ಎಂದಳು ಮಮ್ತಾಜ. "ನಡದಾಳ, ಮಾತಾಡ್ಯಾಳ, ಉಂಡಾಳ. ಎಲ್ಲಾ ಬರೋಬರಿ."

"ಯಾವಾಗ ನಡದಳ್ರಿ?"

"ಬರೋಬರಿ ಟೈಮಿಗೇರಿ."

ಜೈತುನಬೀ ಸೊಸೆಯ ಕಡೆಗೆ ಹೊರಳಿ, "ನಿಕಾದಾಗ ಖಾಜಿ ಕೇಳಿದಾಗ ಮೂರು ಸಲ 'ಕಬೂಲ್' ಅನ್ನಾಕ ಅರ್ಧ ತಾಸು ಮಾಡಿದಾಕಿ. ಇವತ್ತ ನೋಡು, ಕೇಳೋಕಿಂತ ಮೊದಲ ಬರೋಬರಿ, ಬರೋಬರಿ" ಎಂದಳು. ಮಮ್ತಾಜ ನಗಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಏನಾದರೂ ಕೊರತೆಯನ್ನು ಬಾಯಿಬಿಟ್ಟರೆ ಅದೇ ಶಾಲೆಯ ಬಾಗಿಲಿಗೆ ಬೀಗವಾಗುವುದೆಂಬ ಅಂಜಿಕೆ ಆ ಬೆರಳಿನಲ್ಲಿ ಕಾಣುತ್ತಿತ್ತು.

ತಿಂಗಳ ಲೆಕ್ಕದಲ್ಲಿ ಕೇಳಿದರೆ ಯಾವ ತಾಯಿಗೂ ನೆನಪಾಗದು. ಇವರ ಹಬ್ಬಗಳಾದರೋ ವರ್ಷವರ್ಷಕ್ಕೆ ಹಿಂದೆ ಸರಿಯುವುವು. ಹಬ್ಬವೊಂದನ್ನೇ ನೆಚ್ಚಿದರೆ ವಯಸ್ಸು ತಪ್ಪುವುದು. ಆದುದರಿಂದ ದಾನೇಶ್ವರಿ ಹಬ್ಬದ ಜೊತೆಗೆ ಹೊಲದ ಬೆಳೆಯನ್ನೂ ಕೇಳುವಳು. ಮಗು ಹುಟ್ಟಿದುದು ತೊಗರಿ ರಾಶಿಯ ಕಾಲದಲ್ಲಿ. ಹೆಜ್ಜೆಯಿಟ್ಟುದು ಮರುವರ್ಷ, ಲಾಕ್‌ಡೌನಿನ ಬಿಸಿಲಿನ ರಂಜಾನಿನಲ್ಲಿ, ಮಸೀದಿ ಮುಚ್ಚಿ ಗಂಡಸರು ಮನೆಯಲ್ಲಿಯೇ ನಮಾಜು ಮಾಡುತ್ತಿದ್ದಾಗ ಸಾಲಿನ ನಡುವೆ ನಡೆದುಹೋದಳಂತೆ. ಅಂದರೆ ಒಂದೂಕಾಲು ವರ್ಷದ ಸುಮಾರು. ಅದು ನಿಜವಾಗಿಯೂ ಬರೋಬರಿಯೇ.

ಮುಂದಿನ ಪ್ರಶ್ನೆಗೆ ಬಂದಳು. "ಒಂದೂವರಿ ವರ್ಷದಾಗ, ಮ್ಯಾಲ ವಿಮಾನ ಹೋದ್ರ, ಓಣ್ಯಾಗ ಕುದರಿ ಬಂದ್ರ, 'ಅಮ್ಮೀ ನೋಡು' ಅಂತ ಬಟ್ಟು ಮಾಡಿ ತೋರಿಸ್ತಿದ್ಲೇನ್ರಿ?"

"ತೌಬಾ, ತೌಬಾ!" ಎಂದಳು ಜೈತುನಬೀ. "ನಮ್ಮ ಮನ್ಯಾಗ ಯಾರೂ ಬಟ್ಟು ಮಾಡಂಗಿಲ್ಲ. ಕಾಲುವಿ ಬಾಜೂಕ ನಮ್ಮ ತ್ವಾಟ. ಚಪ್ಪರದ ಮ್ಯಾಲ ಹೀರಿಕಾಯಿ, ಸೋರಿಕಾಯಿ. ಹೀಚಿಗೆ ಬಟ್ಟು ಮಾಡಿದ್ರ ಕೊಳ್ತು ಬೀಳ್ತಾವ. ಕೂಸು ಬಟ್ಟು ಎತ್ತಿತು ಅಂದ್ರ ನಾನ ಮಡಚಿಬಿಡ್ತೀನಿ."

ದಾನೇಶ್ವರಿಯ ಪೆನ್ನು ನಿಂತಿತು. ತೋರುಬೆರಳಿನಿಂದ ತೋರಿಸುವುದು ನಮೂನೆಯ ಮುಖ್ಯ ಪ್ರಶ್ನೆಗಳಲ್ಲಿ ಒಂದು. ತೋರಿಸಿಲ್ಲವೆಂದು ಗುರುತು ಹಾಕಿದರೆ, ರೂಢಿಯೊಂದನ್ನು ರೋಗಲಕ್ಷಣವೆಂದು ಬರೆದಂತಾಗುವುದು. ಎಲ್ಲವೂ ರೂಢಿಯೆಂದು ದಾಟಿಬಿಟ್ಟರೆ, ಆ ರೂಢಿಯ ಮರೆಯಲ್ಲಿ ನಿಂತಿರುವುದು ಕಾಣದೆಯೇ ಹೋಗುವುದು. ಪ್ರಶ್ನೆ ಕೇಳುತ್ತಿರುವುದು ನಿಜವಾಗಿ ಬೆರಳನ್ನಲ್ಲ. ತಾನು ಕಂಡ ಸೊಗಸನ್ನು ಇನ್ನೊಬ್ಬರೂ ಕಾಣಲೆಂಬ ಬಯಕೆ ಮಗುವಿನಲ್ಲಿ ಮೂಡಿತ್ತೆ ಎಂಬುದನ್ನು.

"ದಾದಿ, ಈಕಿ ಅಣ್ಣ ಮೈನುದ್ದೀನ ಇದ್ದಾನಲ್ಲ? ಅವನಿಗೂ ಬಟ್ಟು ಮಾಡಗೊಟ್ಟಿಲ್ಲ ನೀವು. ಮತ್ತ ಅವ ಸಣ್ಣವಿದ್ದಾಗ ಹೆಂಗ ತೋರಿಸ್ತಿದ್ದ?" ಎಂದು ದಾನೇಶ್ವರಿ ಅಜ್ಜಿಯನ್ನು ಕೇಳಿದಳು.

"ಅವನಾ? ಬಂದರ್! ಮಂಗ್ಯಾ ಅದು!" ಜೈತುನಬೀ ಬಾಯ್ತುಂಬ ನಕ್ಕಳು. "ಮುಷ್ಟಿ ಮಾಡಿ ಗೆಣ್ಣಿಲೆ ತೋರಿಸ್ತಿದ್ದ. ಗದ್ದ ಎತ್ತಿ ತೋರಿಸ್ತಿದ್ದ. ನಾ ನೋಡ್ಲಿಲ್ಲಂದ್ರ ನನ್ನ ಗಲ್ಲ ಹಿಡದು ತಿರುವತಿದ್ದ. ನೋಡಿದ್ನಿಲ್ಲೋ ಅಂತ ಮತ್ತ ನನ್ನ ಮಾರಿ ನೋಡ್ತಿದ್ದ."

"ತರನ್ನುಮ?"

ಜೈತುನಬೀಯ ನಗು ಮೆಲ್ಲನೆ ಇಳಿಯಿತು. ಕೋಣೆಯ ಮೂಲೆಯಲ್ಲಿ ತರನ್ನುಮ ಆಟಿಕೆಯ ಬುಟ್ಟಿಯನ್ನು ಬಿಟ್ಟು, ಡಬ್ಬಿಗಳ ಮುಚ್ಚಳಗಳನ್ನಷ್ಟೇ ತೆಗೆದು ಗೋಡೆಯುದ್ದಕ್ಕೂ ಸಾಲಾಗಿ ಇಡುತ್ತಿದ್ದಳು. ಒಂದು ಸೊಟ್ಟಗಾದರೆ ಸಾಲನ್ನೆಲ್ಲ ಕೆಡಿಸಿ ಮೊದಲಿನಿಂದ ಇಡುವಳು.

"ನನ್ನ ಮಣಿಕಟ್ಟು ಹಿಡೀತಾಳ್ರಿ," ಎಂದಳು ಮಮ್ತಾಜ. ಆ ದಿನ ಆಕೆಯಾಡಿದ ಮೊದಲನೆಯ ನಿಜವಾದ ಮಾತು ಅದು. "ಬಿಸ್ಕೀಟು ಬೇಕಂದ್ರ ನನ್ನ ಕೈ ಒಯ್ದು ಡಬ್ಬಿ ಮ್ಯಾಲ ಇಡ್ತಾಳ. ಮಾರಿ ನೋಡಂಗಿಲ್ಲ. ನನ್ನ ಕೈ ನನ್ನ ಮೈಯಾಗಿಂದಲ್ಲ, ಇಕ್ಕಳ ಅನ್ನಂಗ. ಬೇಕಾದ್ದು ಸಿಕ್ರ ಸಾಕು. ಬರೇ ನೋಡಂತ ಯಾವತ್ತೂ ಏನೂ ತೋರಿಸಿಲ್ರಿ... ಯಾವತ್ತೂ ಇಲ್ಲ."

ದಾನೇಶ್ವರಿ ಬರೆದುಕೊಂಡಳು: "ತೋರುಬೆರಳಿನ ಬಳಕೆಯನ್ನು ಮನೆಯಲ್ಲಿ ರೂಢಿಯಂತೆ ತಡೆಯಲಾಗಿದೆ. ಅಣ್ಣನು ಗೆಣ್ಣಿನಿಂದಲೂ ಗದ್ದದಿಂದಲೂ ತೋರಿಸಿ ಅಜ್ಜಿಯ ಮುಖ ನೋಡುತ್ತಿದ್ದನು. ಈ ಮಗು ಹಂಚಿಕೊಳ್ಳಲೆಂದು ಯಾವ ಬಗೆಯಿಂದಲೂ ತೋರಿಸಿದುದು ತಾಯಿಯ ನೆನಪಿನಲ್ಲಿಲ್ಲ. ಬೇಕಾದುದಕ್ಕೆ ತಾಯಿಯ ಕೈಯನ್ನು ಬಳಸುತ್ತಾಳೆ. ಕಂಡವರು: ಅಣ್ಣನನ್ನು ಅಜ್ಜಿ, ಈ ಮಗುವನ್ನು ತಾಯಿ."

ಕಟ್ಟೆ ಒಡೆದಂತೆ ಉಳಿದುದೂ ಬಂದಿತು. ಟಿವಿಯ ಜಾಹೀರಾತಿನ ಮಾತನ್ನೇ ದಿನವಿಡೀ ಆಡುವುದು, ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಂಡು ಹೊರಗೋಡುವುದು, ನಡುವೆ ಮಮ್ತಾಜಳಿಗೆ ಗರ್ಭವೊಂದು ನಿಲ್ಲದೆ ಹೋದದ್ದು, ಸೋದರತ್ತೆಗೆ ಮೂರ್ಛೆ ಬರುತ್ತಿದ್ದುದು. ಒಂದು ಲಕ್ಷಣದಿಂದ ಯಾರೂ ತೀರ್ಮಾನಿಸಲಾರರು. ಬಾಲ್ಯದಿಂದ ಬಂದ ಚರಿತ್ರೆ, ಕೋಣೆಯಲ್ಲಿ ಆಡಿಸಿ ನೋಡಿದುದು, ಅಳತೆಯ ಪ್ರಶ್ನಾವಳಿ, ಮಕ್ಕಳ ವೈದ್ಯರ ಪರೀಕ್ಷೆ, ಇವೆಲ್ಲ ಒಂದೇ ಕಡೆಗೆ ಬೊಟ್ಟು ಮಾಡಿದ ಬಳಿಕವೇ ದಾನೇಶ್ವರಿಯೂ ವೈದ್ಯರೂ ಕೂಡಿ ಅವರಿಗೆ ಹೇಳಿದರು: ಇದು ಆಟಿಸಂ, ಸ್ವಲೀನತೆಯೆಂದೂ ಕರೆಯುವರು, ಯಾರ ತಪ್ಪೂ ಅಲ್ಲ, ಬೆರಳು ಮಡಚಿದುದರಿಂದ ಬಂದುದಂತೂ ಅಲ್ಲವೇ ಅಲ್ಲ. ಕೊನೆಯ ಮಾತನ್ನು ಕೇಳಿ ಜೈತುನಬೀ ತನ್ನ ಕೈಗಳನ್ನು ಮಡಿಲಿನಲ್ಲಿ ಇಳಿಬಿಟ್ಟಳು.

ಮಮ್ತಾಜ ಕೇಳಿದುದು ಒಂದೇ: "ಇದನ್ನೆಲ್ಲ ಸಾಲಿಗೆ ಬರೀತೀರೇನ್ರಿ?"

"ನೀವು ಒಪ್ಪಿದ್ದಷ್ಟ ಬರೀತೀನ್ರಿ. ಬರದು ನಿಮಗ ಓದಿ ಹೇಳ್ತೀನಿ."

ಕೇಂದ್ರದ ಕೋಣೆಯಲ್ಲಿ ಕಂಡುದು ಶಾಲೆಯಲ್ಲಿ ಕಾಣುವುದೆಂಬ ನೆಚ್ಚಿಕೆಯಿಲ್ಲ. ಆದುದರಿಂದ ಮರುದಿನವೇ ದಾನೇಶ್ವರಿ ಶಹಾಪುರದ ಬಸ್ಸು ಹಿಡಿದಳು. ಒಂದನೇ ತರಗತಿಯ ಶಿಕ್ಷಕಿ ಸಾವಿತ್ರಿಬಾಯಿ ಗೋಡೆಯ ಅಕ್ಷರಪಟದ ಮುಂದೆ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆಯುತ್ತಿದ್ದಳು. "ತರನ್ನುಮ, ಬಾ. 'ಗ' ಎಲ್ಲೈತಿ? ಬಟ್ಟಿಟ್ಟು ತೋರಿಸು."

ಮಗು ಎದ್ದು ಬಂದು ಪಟದ ಮುಂದೆ ನಿಂತಿತು. ಕೈಗಳು ಮುಷ್ಟಿಯಾಗಿದ್ದುವು.

"ನೋಡ್ರಿ ಮೇಡಂ. ದಿನಾ ಇದ. ಏನೂ ಬರಂಗಿಲ್ಲ," ಎಂದಳು ಸಾವಿತ್ರಿಬಾಯಿ, ಬೇಸರಕ್ಕಿಂತ ಹೆಚ್ಚಾಗಿ ಸೋಲಿನ ದನಿಯಲ್ಲಿ.

ದಾನೇಶ್ವರಿ ನೆಲದ ಮೇಲೆ ಕುಳಿತಳು. ಚೀಲದಿಂದ ಅಕ್ಷರದ ಕಾರ್ಡುಗಳನ್ನು ತೆಗೆದು ನೆಲದ ಮೇಲೆ ಹರಡಿ, ಅಂಗೈ ಚಾಚಿ, "ತರನ್ನುಮ, 'ಗ' ದೇ" ಎಂದು ಅವರ ಮನೆಯ ಉರ್ದು ಮಾತಿನಲ್ಲಿ ಕೊಡಲು ಕೇಳಿದಳು. ಮಗು ಬಾಗಿ ಕಾರ್ಡನ್ನು ಎತ್ತಿ, ಮುಖದತ್ತ ನೋಡದೆ, ಅಂಗೈಯ ಮೇಲೆ ಇಟ್ಟಿತು. 'ಗ'ಕಾರವೇ. 'ಮ' ಕೇಳಿದಳು, ಬಂದಿತು. 'ರ' ಕೇಳಿದಳು, ಬಂದಿತು. ಕೇಳದೆಯೇ ಉಳಿದವೂ ವರ್ಣಮಾಲೆಯ ಕ್ರಮದಲ್ಲಿ ಗೋಡೆಯುದ್ದಕ್ಕೂ ಸಾಲಾಗಿ ನಿಂತುವು.

"ಅಯ್ಯ ನನ್ನವ್ವ!" ಎಂದಳು ಸಾವಿತ್ರಿಬಾಯಿ. "ಈ ಕಳ್ಳಿ ಇಷ್ಟು ದಿನ ನನ್ನ ಮುಂದ ಮುಷ್ಟಿ ಬಿಗದು ನಿಂತಿದ್ಲಲ್ಲ!"

ಬಾಗಿಲಿನಲ್ಲಿ ನಿಂತು ನೋಡುತ್ತಿದ್ದ ವೆಂಕಟಪ್ಪನವರು ತಲೆಯಾಡಿಸಿದರು. ಆದರೆ ಅವರ ಮುಖ ಸಡಿಲಲಿಲ್ಲ. "ಅಕ್ಷರ ಇರ್ಲಿ ಮೇಡಂ. ನಮ್ಮ ಗೇಟಿನ ಮುಂದಿನ ಕಾಲುವಿ ನೋಡೀರೇನು?"

ಅವರ ಮಾತು ಮುಗಿಯುವಷ್ಟರಲ್ಲಿ ಊಟದ ಗಂಟೆಯಾಯಿತು. ಗಂಟೆಯೆಂದರೆ ಒಂದನೇ ತರಗತಿಯ ಕಿಟಕಿಯ ಹೊರಗೆ ತೂಗಿಬಿಟ್ಟ ಕಬ್ಬಿಣದ ಹಳಿಯ ತುಂಡು. ಅದರ ಮೊದಲ ಏಟಿಗೆ ತರನ್ನುಮ ಕಿವಿಗಳನ್ನು ಮುಚ್ಚಿಕೊಂಡಳು. ಎರಡನೆಯದಕ್ಕೆ ಅವಳು ಕೋಣೆಯಲ್ಲಿರಲಿಲ್ಲ. ವೆಂಕಟಪ್ಪನವರು ಚಪ್ಪಲಿಯನ್ನೂ ಮೆಟ್ಟದೆ ಓಡಿದರು. ಗೇಟು ದಾಟಿ, ಕಾಲುವೆಯ ಏರಿಯ ಮೇಲೆ ಮಗುವನ್ನು ಹಿಡಿದರು. ಮರಳಿ ಬಂದಾಗ ಅವರ ಉಸಿರು ಸಿಳ್ಳಿನಂತೆ ಬರುತ್ತಿತ್ತು.

"ನನಗ ಈ ಕೂಸಿನ ಮ್ಯಾಲ ಸಿಟ್ಟಿಲ್ರಿ," ಎಂದರು. "ಆದ್ರ ನಾಳಿ ನೀರಾಗ ಬಿದ್ಲಂದ್ರ ನಿಮ್ಮ ರಿಪೋರ್ಟು ಈಸಿಗೊಂಡು ಹೋಗಿ ತರ್ತೈತೇನು?"

ದಾನೇಶ್ವರಿ ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಬಂದಳು. ಗೇಟಿನ ಬಳಿ ಮಮ್ತಾಜ ಕಾಯುತ್ತಿದ್ದಳು, ಎಲ್ಲವನ್ನೂ ಕಂಡಿದ್ದಳು. ದಾನೇಶ್ವರಿಯ ಕೈ ಹಿಡಿದು, "ಓಡಿದ್ದು ಬರೀಬ್ಯಾಡ್ರಿ ಮೇಡಂ. ಅಕ್ಷರ ಬರ್ತಾವಂತ ಬರೀರಿ. ನಿಮಗ ಪುಣ್ಯ ಬರ್ತೈತ್ರಿ" ಎಂದು ಬೇಡಿಕೊಂಡಳು.

ಸುರಪುರದ ಮನೆಗೆ ಬಂದ ಆಕೆಯ ಮುಖವನ್ನು ನೋಡಿ ಅಂಬಣ್ಣ ಏನಾಯಿತೆಂದು ಕೇಳಿದನು. ಹೆಸರು ಹೇಳದೆ, ಊರು ಹೇಳದೆ ಆಕೆ ಹೇಳಿದಳು: ಬರೆದರೆ ಮಗು ಹೊರಗಾಗುವುದು, ಬಿಟ್ಟರೆ ನೀರಿನ ಪಾಲಾಗಬಹುದು.

"ಎದುರಿಗಿದ್ದವ ತನ್ನ ಕಣ್ಣಿಲೆ ಕಂಡದ್ದನ್ನ ಅರ್ಜ್ಯಾಗ ಮುಚ್ಚಿಟ್ಟಿ ಅಂದ್ರ, ಉಳಿದ ನಿಜಾನೂ ಅವ ನಂಬಂಗಿಲ್ಲವಾ," ಎಂದನು ಅಂಬಣ್ಣ. ಬಳಿಕ, "ಆದ್ರ 'ಓಡ್ತಾಳ' ಅಂದ್ರ ಅದು ಬೈಗುಳ. ಯಾವಾಗ ಓಡ್ತಾಳ, ಯಾಕ ಓಡ್ತಾಳ ಅಂದ್ರ ಅದು ಹಕೀಕತ್ತು" ಎಂದನು.

ಮರುದಿನ ಆಕೆ ಬರೆಯಲು ಕುಳಿತಳು. ನಮೂನೆಯ ಪುಟಗಳೆಲ್ಲ ಕೇಂದ್ರದ ಕಡತದಲ್ಲಿಯೇ ಉಳಿಯತಕ್ಕವು. ನಿಲ್ಲದೆ ಹೋದ ಗರ್ಭವಾಗಲಿ ಸೋದರತ್ತೆಯ ಮೂರ್ಛೆಯಾಗಲಿ ಶಾಲೆಯ ಪಾಠಕ್ಕೆ ಬೇಕಾದುವಲ್ಲ. ಶಾಲೆಗೆ ಬೇಕಾದುದು, ಈ ಮಗುವಿಗೆ ತರಗತಿಯಲ್ಲಿ ಏನು ಬರುತ್ತದೆ, ಏನು ಕಷ್ಟ, ನಾಳೆ ಬೆಳಿಗ್ಗೆ ಯಾರು ಏನು ಮಾಡಬೇಕು ಎಂಬುದು. ಮನೆಯವರು ಹೇಳಿದುದು, ತಾನು ಕಂಡುದು, ಅವುಗಳಿಂದ ತಿಳಿದುದು ಒಂದರೊಳಗೊಂದು ಬೆರೆಯದಂತೆ ಬೇರೆಬೇರೆಯಾಗಿ ಇಟ್ಟಳು. ಮೊದಲಿಗೆ ಅಕ್ಷರಗಳನ್ನು ಗುರುತಿಸುವಳೆಂಬುದನ್ನೂ, ಕ್ರಮವನ್ನು ಮರೆಯಳೆಂಬುದನ್ನೂ ಬರೆದಳು. "ಪಟದ ಮೇಲೆ ಬೆರಳಿಟ್ಟು ತೋರಿಸಲು ಕೇಳಿದಾಗ ಉತ್ತರಿಸಲಿಲ್ಲ, ಕಾರ್ಡನ್ನು ಕೈಗೆ ಕೊಡಲು ಕೇಳಿದಾಗ ಕೇಳಿದವೆಲ್ಲವನ್ನೂ ಸರಿಯಾಗಿ ಕೊಟ್ಟಳು. ಆದುದರಿಂದ ತೋರಿಸಲು ಕೇಳುವ ಬದಲು ಕೊಡಲು ಕೇಳುವುದು." ಬಳಿಕ ಬರೆದಳು: "ಗಂಟೆಯ ಸದ್ದಿಗೆ ಕಿವಿ ಮುಚ್ಚಿಕೊಂಡು, ಗೇಟು ದಾಟಿ ಕಾಲುವೆಯ ಕಡೆಗೆ ಓಡಿದಳು. ಇದು ಅಪಾಯಕರ."

ಸಭೆಯ ಹಿಂದಿನ ದಿನ ಕಾಲುವೆಯ ಪಕ್ಕದ ತೋಟದಲ್ಲಿ, ಹೀರೆಯ ಚಪ್ಪರದ ಕೆಳಗೆ ಕುಳಿತು ವರದಿಯನ್ನು ಓದಿ ಹೇಳಿದಳು. ಓಡಿದ ಮಾತು ಬಂದಾಗ ಮಮ್ತಾಜಳ ಕಣ್ಣು ತುಂಬಿದುವು. ಆಮೇಲೆ ಆಕೆ ಥಟ್ಟನೆ ತಲೆಯೆತ್ತಿದಳು.

"ಕಾಲುವಿ ಕಡಿ ಅಲ್ರಿ ಮೇಡಂ. ಮನಿ ಕಡಿ. ಏರಿ ಮ್ಯಾಲಿಂದ ಇಲ್ಲಿಗೇ ದಾರಿ. ಓಡಿ ಬಂದ್ರ ಸೀದಾ ಈ ಚಪ್ಪರದ ಕೆಳಗ ಕುಂದ್ರತಾಳ. ಇಲ್ಲಿ ತಣ್ಣಗಿರ್ತೈತಲ್ರಿ, ಸಪ್ಪಳಿಲ್ಲ."

ದಾನೇಶ್ವರಿ ಸುತ್ತ ನೋಡಿದಳು. ಎಲೆಯ ನೆರಳು, ಜೋತಾಡುವ ಹೀಚುಗಳು, ಸದ್ದಿಲ್ಲದ ತಂಪು. ಮಗು ನೀರನ್ನರಸಿ ಓಡುತ್ತಿರಲಿಲ್ಲ, ನಿಶ್ಶಬ್ದವನ್ನರಸಿ ಓಡುತ್ತಿತ್ತು. ಅಪಾಯ ದಾರಿಯಲ್ಲಿತ್ತು, ಗುರಿಯಲ್ಲಿರಲಿಲ್ಲ. ಆಕೆ ಅಲ್ಲಿಯೇ ಆ ವಾಕ್ಯವನ್ನು ಹೊಡೆದು ಹಾಕಿ ಮತ್ತೆ ಬರೆದಳು: "ಗಂಟೆಯ ಸದ್ದಿಗೆ ಕಿವಿ ಮುಚ್ಚಿಕೊಂಡು, ಮೌನವಿರುವ ತನ್ನ ಮನೆಯ ಕಡೆಗೆ ಓಡುತ್ತಾಳೆ ಎಂದು ತಾಯಿ ಹೇಳುತ್ತಾರೆ, ಗೇಟು ದಾಟಿ ಓಡಿದುದನ್ನು ನಾನೂ ಕಂಡಿದ್ದೇನೆ. ದಾರಿ ಕಾಲುವೆಯ ಏರಿಯ ಮೇಲಿದೆ, ಆದುದರಿಂದ ಅಪಾಯಕರ. ಶಾಲೆಯೊಳಗೇ ಸದ್ದಿಲ್ಲದ ಜಾಗವೊಂದನ್ನು ಗೊತ್ತುಮಾಡಿ, ಗಂಟೆಗೆ ಮುಂಚೆ ಶಿಕ್ಷಕಿ ಅಲ್ಲಿಗೆ ಕರೆದೊಯ್ಯುವುದು. ಹೊರಗೆ ಹೋಗಬೇಕೆಂದು ಕೇಳಲು ಚಿತ್ರದ ಕಾರ್ಡೊಂದನ್ನು ಕಲಿಸುವುದು. ಶಾಲೆಯ ಅವಧಿಯಲ್ಲಿ ಗೇಟಿನ ಚಿಲಕ ಹಾಕಿರುವುದು. ದಸರಾ ರಜೆಯ ಮುನ್ನ ಮರುಪರಿಶೀಲನೆ."

"ಇದನ್ನ ಬರೀರಿ," ಎಂದಳು ಮಮ್ತಾಜ. "ಇದು ನಮ್ಮ ಕೂಸು."

ಸಭೆಯಲ್ಲಿ ವೆಂಕಟಪ್ಪನವರು ವರದಿಯನ್ನು ಕೈಗೆತ್ತಿಕೊಂಡು ಮೊದಲು ಕೇಳಿದುದು, "ಎಷ್ಟು ಪರ್ಸೆಂಟು?" ಎಂದು.

"ಅದು ಅಂಗವಿಕಲತೆಯ ಸರ್ಟಿಫಿಕೇಟಿಗ್ರಿ ಸರ. ಅದನ್ನ ಕೊಡೋರು ಬ್ಯಾರೆ. ಪರ್ಸೆಂಟು ನೋಡಿ ಪಾಠ ಹೆಂಗ ಹೇಳ್ತೀರಿ?"

ಸಾವಿತ್ರಿಬಾಯಿ ಸೆರಗಿನ ಮರೆಯಲ್ಲಿ ನಕ್ಕಳು. ವೆಂಕಟಪ್ಪನವರು ನಗಲಿಲ್ಲ. ಕನ್ನಡಕವನ್ನು ಏರಿಸಿ ಓದತೊಡಗಿದರು. ಮಮ್ತಾಜ ಬಾಗಿಲ ಬಳಿ ನಿಂತು ಅವರ ತುಟಿಯ ಅಲುಗಾಟವನ್ನೇ ನೋಡುತ್ತಿದ್ದಳು. ಓಡುವ ಮಾತಿನ ಬಳಿ ಅವರು ನಿಂತರು. ಹಿಂದಕ್ಕೆ ಹೋಗಿ ಮತ್ತೊಮ್ಮೆ ಓದಿದರು.

"ಓಡೋದನ್ನ ಬರದೀರಿ," ಎಂದರು ಕೊನೆಗೆ. "ಅದನ್ನ ಮುಚ್ಚಿದ್ರ ಈ ಕಾಗದ ಇಲ್ಲೇ ಮಡಚಿ ಇಡ್ತಿದ್ದೆ." ಕಿಟಕಿಯ ಹೊರಗಿನ ಹಳಿಯ ತುಂಡನ್ನು ಸ್ವಲ್ಪ ಹೊತ್ತು ನೋಡಿದರು. "ಬಿಸಿಊಟದ ಅಕ್ಕಿ ಇಡೋ ರೇಷನ್ ಕೋಣಿ ಸಾಲಿ ಹಿಂದ ಐತಿ. ಸಪ್ಪಳ ಕೇಳಂಗಿಲ್ಲ. ದಸರಾತನ ನೋಡೋಣು. ಆದ್ರ ಆಮ್ಯಾಲ ಏನೂ ಬದಲಾಗಲಿಲ್ಲಂದ್ರ ನಾ ಮತ್ತ ಬರೀತೀನಿ, ಈಗ ಹೇಳೇನಿ."

ಅಷ್ಟೇ. ಮಗು ಉಳಿಯಿತು, ಉಳಿದುದು ಒಂದು ಗಡುವಿನ ಮೇಲೆ.

ಮೊದಲ ದಿನ ಏರ್ಪಾಟು ಕೆಟ್ಟಿತು. ಸಾವಿತ್ರಿಬಾಯಿ ಬೇರೊಂದು ಮಗುವಿನ ಮೂಗು ಒರೆಸುತ್ತಿದ್ದಾಗಲೇ ಗಂಟೆ ಹೊಡೆಯಿತು. ಚಿಲಕ ಹಾಕಿದ ಗೇಟಿಗೆ ಬಂದು ಬಡಿದ ತರನ್ನುಮ ಅಲ್ಲಿಯೇ ಕುಸಿದು ಕಿರಿಚಿದಳು. ಸಾವಿತ್ರಿಬಾಯಿ ಎತ್ತಿಕೊಂಡು ರೇಷನ್ ಕೋಣೆಗೆ ಒಯ್ದು ಕೂರಿಸಿದ ಮೇಲೆಯೇ ಆ ಕಿರಿಚಾಟ ನಿಂತಿತು. ಸುದ್ದಿ ಫೋನಿನಲ್ಲಿ ಯಾದಗಿರಿಗೆ ಬಂದಾಗ ದಾನೇಶ್ವರಿ ಹಿಡಿದಿದ್ದ ಚಹಾದ ಲೋಟವನ್ನು ಕೆಳಗಿಟ್ಟಳು. ವರದಿಯ ಪ್ರತಿಯನ್ನು ತೆಗೆದು, ಎಲ್ಲಿ ತಪ್ಪಿದೆನೆಂದು ಹುಡುಕತೊಡಗಿದಳು. "ಗಂಟೆಗೆ ಮುಂಚೆ" ಎಂದಿತ್ತು. ಎಷ್ಟು ಮುಂಚೆ, ಶಿಕ್ಷಕಿಗೆ ಬಿಡುವಿಲ್ಲದಿದ್ದರೆ ಯಾರು, ಎಂಬುದಿರಲಿಲ್ಲ. ಗಂಟೆ ಹೊಡೆಯುವ ಆಳು ಮೊದಲು ಒಂದನೇ ತರಗತಿಗೆ ಬಂದು ಹೇಳಿ, ಮಗು ಹೊರಟ ಮೇಲೆಯೇ ಹಳಿಯ ಬಳಿಗೆ ಹೋಗತಕ್ಕದ್ದು ಎಂಬ ವಾಕ್ಯವನ್ನು ಕೂಡಿಸಿ, ಮಮ್ತಾಜಳಿಗೆ ಫೋನಿನಲ್ಲಿ ಓದಿ ಹೇಳಿ, ಒಪ್ಪಿಗೆ ಪಡೆದು, ಮರುದಿನ ತಾನೇ ಒಯ್ದುಕೊಟ್ಟಳು.

ಆ ದಿನ ಊಟದ ವೇಳೆ ಸಮೀಪಿಸಿದಾಗ ಆಕೆ ವೆಂಕಟಪ್ಪನವರೊಡನೆ ಪಡಸಾಲೆಯಲ್ಲಿ ನಿಂತಿದ್ದಳು. ಆಳು ಬಂದು ಹೇಳಿದನು. ತರಗತಿಯಿಂದ ತರನ್ನುಮ ಒಬ್ಬಳೇ ಹೊರಬಂದಳು. ಸಾವಿತ್ರಿಬಾಯಿ ಎರಡು ಹೆಜ್ಜೆ ಹಿಂದೆ ಇದ್ದಳು. ಮಗುವಿನ ಕೈಯಲ್ಲಿ ಚಿತ್ರದ ಕಾರ್ಡು ಇರಲಿಲ್ಲ; ಅದನ್ನು ಕಲಿಯಲು ಇನ್ನೂ ದಿನಗಳು ಬೇಕು. ಮಗು ಗೇಟನ್ನೊಮ್ಮೆ ನೋಡಿತು. ದಾನೇಶ್ವರಿಯ ಕೈ ತಾನಾಗಿಯೇ ಇಷ್ಟಲಿಂಗಕ್ಕೆ ಹೋಯಿತು. ತರನ್ನುಮ ಹೊರಳಿ, ವೆಂಕಟಪ್ಪನವರ ಬಳಿಗೆ ಬಂದು, ಅವರ ಮುಖವನ್ನು ನೋಡದೆಯೇ ಮಣಿಕಟ್ಟನ್ನು ಹಿಡಿದು ಎಳೆದುಕೊಂಡು ಹೋಗಿ, ಅವರ ಕೈಯನ್ನು ರೇಷನ್ ಕೋಣೆಯ ಚಿಲಕದ ಮೇಲೆ ಇಟ್ಟಳು.

ವೆಂಕಟಪ್ಪನವರು ಒಂದು ಕ್ಷಣ ತಮ್ಮ ಕೈಯನ್ನೇ ನೋಡುತ್ತ ನಿಂತರು. ಬಳಿಕ ಚಿಲಕ ತೆಗೆದರು. ಮಗು ಒಳಗೆ ಹೋಗಿ ಅಕ್ಕಿಯ ಚೀಲದ ಪಕ್ಕದಲ್ಲಿ ಕುಳಿತಿತು. ಅವರು ಆಳಿನತ್ತ ತಿರುಗಿ, ದನಿ ತಗ್ಗಿಸಿ, "ಹೂಂ, ಈಗ ಹೊಡಿ" ಎಂದರು.